ಮುದ್ರಣಕ್ಕೆ ನಲವತ್ತು ಚಿತ್ರ, ಕಳುಹಿಸಲು ಇಮೇಲ್: ಅಳತೆ ಎಷ್ಟಿರಬೇಕು, ಗುಣಮಟ್ಟ ಎಷ್ಟಿರಬೇಕು?

ಪ್ರಶ್ನೆ: ನಮ್ಮ ಹಳೆಯ ವಿದ್ಯಾರ್ಥಿಗಳ ಸ್ಮರಣ ಸಂಚಿಕೆಗಾಗಿ 40 ಫೋಟೊಗಳನ್ನು ಪುಟ ವಿನ್ಯಾಸಕರಿಗೆ ಇಮೇಲ್ ಮಾಡಬೇಕಿದೆ. ಫೋನಿನಿಂದ ಕಂಪ್ಯೂಟರ್‌ಗೆ ಹಾಕಿಕೊಂಡಾಗ ಒಂದೊಂದೂ ಸುಮಾರು 4 ಎಂಬಿ ಇತ್ತು. ಹತ್ತು ಹತ್ತರಂತೆ ಕಳುಹಿಸಿದೆ. ಎಲ್ಲವೂ ವಾಪಸು ಬಂದವು. ಜಿಪ್ ಮಾಡಿ ನೋಡಿದೆ, ಗಾತ್ರ ಇಳಿಯಲೇ ಇಲ್ಲ. ಕಡೆಗೆ ವಿಂಡೋಸ್‌ನಲ್ಲಿ ಫೋಟೊಗಳ ಮೇಲೆ ಬಲ ಗುಂಡಿ ಒತ್ತಿ `Mail recipient` ಆರಿಸಿ, ಅದು ಕೇಳಿದಾಗ ಅತಿ ಸಣ್ಣ ಗಾತ್ರವನ್ನು ಕೊಟ್ಟೆ. ಆಗ ಎಲ್ಲವೂ ತಲುಪಿದವು. ಆದರೆ ಮಾದರಿ ಪುಟ ಮುದ್ರಿಸಿದಾಗ ಮುಖಗಳೆಲ್ಲ ಮಸುಕಾಗಿವೆಯಂತೆ. ಇಮೇಲ್ ಮಾಡಿದರೆ ಫೋಟೊ ಕೆಡುತ್ತದೆಯೇ? 300 ಡಿಪಿಐಗೆ ಬದಲಾಯಿಸಿದರೆ ಸರಿಹೋಗುತ್ತದೆಯೇ? ಗುಣಮಟ್ಟವನ್ನು 100 ಇಡಬೇಕೇ? ಪುಟದ ಅಳತೆ 7 x 9.5 ಅಂಗುಲ. ಆರು ಫೋಟೊ ಪೂರ್ತಿ ಪುಟಕ್ಕೆ, ಒಂದು ರಕ್ಷಾಪುಟಕ್ಕೆ, ಉಳಿದವು 5 ಅಂಗುಲಕ್ಕಿಂತ ದೊಡ್ಡದಾಗುವುದಿಲ್ಲ.

ಉತ್ತರ: ಮೊದಲಿಗೆ ಇಮೇಲ್ ಮೇಲಿನ ಅನುಮಾನವನ್ನು ನಿವಾರಿಸಿಕೊಳ್ಳಿ. ಲಗತ್ತಿಸಿದ ಕಡತವನ್ನು ಇಮೇಲ್ ವ್ಯವಸ್ಥೆ ತಾನಾಗಿ ಮುಟ್ಟುವುದಿಲ್ಲ. ಕಳುಹಿಸಿದ ಕಡತದ ಒಂದೊಂದು ಬೈಟೂ ಆ ಕಡೆ ಹಾಗೆಯೇ ತಲುಪುತ್ತದೆ. ಇದನ್ನು ನೀವೇ ಪರೀಕ್ಷಿಸಬಹುದು. ಒಂದು ಫೋಟೊವನ್ನು ನಿಮ್ಮದೇ ಇನ್ನೊಂದು ವಿಳಾಸಕ್ಕೆ ಲಗತ್ತಾಗಿ ಕಳುಹಿಸಿ, ಇಳಿಸಿಕೊಂಡು, ಎರಡೂ ಕಡತಗಳ ಗಾತ್ರವನ್ನು ಬೈಟ್ ಲೆಕ್ಕದಲ್ಲಿ ಹೋಲಿಸಿ. ವ್ಯತ್ಯಾಸ ಕಂಡರೆ, ಫೋಟೊವನ್ನು ಕುಗ್ಗಿಸಿದ್ದು ದಾರಿಯಲ್ಲ, ಕಳುಹಿಸುವ ಮುನ್ನ ನಿಮ್ಮ ಕಂಪ್ಯೂಟರ್‌ ಅಥವಾ ಫೋನಿನಲ್ಲಿದ್ದ ತಂತ್ರಾಂಶ. ನಿಮ್ಮ ವಿಷಯದಲ್ಲಿ ಆಗಿರುವುದೂ ಅದೇ. ವಿಂಡೋಸ್‌ನ ಆ ಪಟ್ಟಿಯಲ್ಲಿ ಅತಿ ಸಣ್ಣ ಆಯ್ಕೆ ಎಂದರೆ 640 x 480 ಪಿಕ್ಸೆಲ್. ಫೋನಿನ ಫೋಟೊ ಸಾಮಾನ್ಯವಾಗಿ 4000 x 3000, ಅಂದರೆ 1 ಕೋಟಿ 20 ಲಕ್ಷ ಪಿಕ್ಸೆಲ್‌ಗಳ ಚಿತ್ರ. ಅದು ಸುಮಾರು 3 ಲಕ್ಷ ಪಿಕ್ಸೆಲ್‌ಗಳಿಗೆ ಇಳಿಯಿತು. ನಲವತ್ತು ಪಾಲಿನಲ್ಲಿ ಒಂದು ಪಾಲು ಮಾತ್ರ ಉಳಿಯಿತು. ವಿನ್ಯಾಸಕರ ಪರದೆಯ ಮೇಲೆ, ಅಂಗೈಯಗಲದ ಕಿಟಕಿಯಲ್ಲಿ, ಅದು ಚೆನ್ನಾಗಿಯೇ ಕಂಡಿರುತ್ತದೆ. ಕಾಗದಕ್ಕೆ ಬಂದಾಗ ಬಣ್ಣ ಬಯಲಾಯಿತು, ಅಷ್ಟೆ.

ಕಾಗದದ ಮೇಲೆ ಏಕೆ ಮಸುಕಾಗುತ್ತದೆ ಎಂಬುದಕ್ಕೆ ಒಂದು ಸರಳ ಭಾಗಾಕಾರ ಸಾಕು. ಕೈಯಲ್ಲಿ ಹಿಡಿದು ಓದುವ ಪುಸ್ತಕದಲ್ಲಿ ಫೋಟೊ ಸ್ಪಷ್ಟವಾಗಿ ಕಾಣಬೇಕಾದರೆ ಒಂದು ಅಂಗುಲ ಉದ್ದಕ್ಕೆ 300 ಪಿಕ್ಸೆಲ್ ಇರಬೇಕು ಎಂಬುದು ಮುದ್ರಣದವರ ವಾಡಿಕೆಯ ಲೆಕ್ಕ. 640ನ್ನು 300ರಿಂದ ಭಾಗಿಸಿದರೆ ಎರಡು ಅಂಗುಲಕ್ಕಿಂತ ತುಸು ಹೆಚ್ಚು ಬರುತ್ತದೆ. ನಿಮ್ಮ ವಿನ್ಯಾಸಕರು ಅದನ್ನು 5 ಅಂಗುಲಕ್ಕೆ ಹಿಗ್ಗಿಸಿದಾಗ ಅಂಗುಲಕ್ಕೆ ಸಿಕ್ಕಿದ್ದು 128 ಪಿಕ್ಸೆಲ್ ಮಾತ್ರ. ಗುಂಪು ಫೋಟೊದಲ್ಲಿ ಹಿಂದಿನ ಸಾಲಿನವರ ಮುಖ ಹತ್ತಿಪ್ಪತ್ತು ಪಿಕ್ಸೆಲ್‌ಗಳಲ್ಲಿ ಮುಗಿದುಹೋಗಿರುತ್ತದೆ. ಅದರಲ್ಲಿ ಕಣ್ಣು ಮೂಗು ಬಿಡಿಸಿ ತೋರಿಸಲು ಯಾವ ಮುದ್ರಣ ಯಂತ್ರಕ್ಕೂ ಸಾಧ್ಯವಿಲ್ಲ.

ಇದೇ ಕಾರಣಕ್ಕೆ 300 ಡಿಪಿಐಗೆ ಬದಲಾಯಿಸುವ ಉಪಾಯ ಫಲಿಸುವುದಿಲ್ಲ. ಆ ಸಂಖ್ಯೆ ಫೋಟೊ ಕಡತದೊಳಗೆ ಒಂದು ಟಿಪ್ಪಣಿಯಾಗಿ ಕುಳಿತಿರುತ್ತದೆ: ‘ಈ ಚಿತ್ರವನ್ನು ಮುದ್ರಿಸುವಾಗ ಅಂಗುಲಕ್ಕೆ ಇಷ್ಟು ಪಿಕ್ಸೆಲ್‌ನಂತೆ ಹರಡಿ’ ಎಂದು ಅದು ಹೇಳುತ್ತದೆಯೇ ಹೊರತು ಚಿತ್ರದಲ್ಲಿ ಎಷ್ಟು ಪಿಕ್ಸೆಲ್ ಇದೆ ಎಂಬುದನ್ನು ನಿರ್ಧರಿಸುವುದಿಲ್ಲ. 4000 x 3000 ಪಿಕ್ಸೆಲ್‌ನ ಫೋಟೊದಲ್ಲಿ 72 ಎಂದು ಬರೆದಿದ್ದರೂ 300 ಎಂದು ಬರೆದಿದ್ದರೂ ಅದು ಒಂದೇ ಫೋಟೊ. 640 ಪಿಕ್ಸೆಲ್‌ನದಕ್ಕೆ 300 ಎಂಬ ಚೀಟಿ ಅಂಟಿಸಿದರೂ ಅದು ಎರಡು ಅಂಗುಲದ ಫೋಟೊವಾಗಿಯೇ ಉಳಿಯುತ್ತದೆ. ಕೆಲವು ತಂತ್ರಾಂಶಗಳು ಈ ಸಂಖ್ಯೆಯನ್ನು ಬದಲಾಯಿಸುವಾಗ ಪಿಕ್ಸೆಲ್‌ಗಳನ್ನೂ ಹೆಚ್ಚಿಸಿಬಿಡುತ್ತವೆ. ಆಗ ಕಡತ ದಪ್ಪವಾಗುತ್ತದೆ. ಆದರೆ ಹೊಸದಾಗಿ ಸೇರುವ ಪಿಕ್ಸೆಲ್‌ಗಳು ಅಕ್ಕಪಕ್ಕದವನ್ನು ನೋಡಿ ಅಂದಾಜಿನಿಂದ ತುಂಬಿದವು. ಕಳೆದುಹೋದ ವಿವರ ಹೀಗೆ ಹಿಂದಿರುಗುವುದಿಲ್ಲ. ಆದ್ದರಿಂದ ವಿನ್ಯಾಸಕರ ಬಳಿ ಈಗಿರುವ ಚಿಕ್ಕ ಫೋಟೊಗಳನ್ನು ದುರಸ್ತಿ ಮಾಡಲು ಹೋಗಬೇಡಿ. ನಿಮ್ಮ ಕಂಪ್ಯೂಟರ್‌ನಲ್ಲಿರುವ 4 ಎಂಬಿಯ ಮೂಲ ಫೋಟೊಗಳಿಂದಲೇ ಮತ್ತೆ ಆರಂಭಿಸಿ. ಅವು ಭದ್ರವಾಗಿವೆ ಎಂಬುದೇ ಈ ಪ್ರಕರಣದಲ್ಲಿ ಸಮಾಧಾನದ ಸಂಗತಿ.

ಇನ್ನು ಮೊದಲ ಪ್ರಯತ್ನ ವಾಪಸು ಬಂದದ್ದೇಕೆ ಎಂಬುದನ್ನು ನೋಡೋಣ. ಹತ್ತು ಫೋಟೊ ಎಂದರೆ 40 ಎಂಬಿ. ಜಿಮೇಲ್‌ನಲ್ಲಿ ಒಂದು ಸಂದೇಶದೊಡನೆ ಲಗತ್ತಿಸಬಹುದಾದದ್ದು 25 ಎಂಬಿ. ಔಟ್‌ಲುಕ್ ಡಾಟ್ ಕಾಮ್ ಮತ್ತು ಐಕ್ಲೌಡ್‌ನಲ್ಲಿ 20 ಎಂಬಿ. ಇಷ್ಟು ಹಲವರಿಗೆ ಗೊತ್ತಿರುತ್ತದೆ. ಗೊತ್ತಿಲ್ಲದಿರುವುದು, ಮತ್ತು 22 ಎಂಬಿ ಲಗತ್ತಿಸಿದವರನ್ನು ‘ಮಿತಿಯೊಳಗೇ ಇದೆಯಲ್ಲ’ ಎಂದು ತಲೆ ಕೆರೆದುಕೊಳ್ಳುವಂತೆ ಮಾಡುವುದು, ಇನ್ನೊಂದು ಸಂಗತಿ. ಇಮೇಲ್ ಹುಟ್ಟಿದ್ದು ಬರಿಯ ಅಕ್ಷರಗಳನ್ನು ಸಾಗಿಸಲು. ಫೋಟೊದಂಥ ಕಡತವನ್ನು ಅದರಲ್ಲಿ ಕಳುಹಿಸಬೇಕಾದರೆ ಮೊದಲು ಅದನ್ನು ಅಕ್ಷರಗಳ ರೂಪಕ್ಕೆ ಬದಲಿಸಬೇಕಾಗುತ್ತದೆ. 1992ರಲ್ಲಿ ಬಂದ ಮೈಮ್ ಎಂಬ ನಿಯಮಾವಳಿ ಇದಕ್ಕೆ ದಾರಿ ಮಾಡಿಕೊಟ್ಟಿತು. ಈ ಬದಲಾವಣೆಯಲ್ಲಿ ಪ್ರತಿ ಮೂರು ಬೈಟ್‌ಗಳು ನಾಲ್ಕು ಅಕ್ಷರಗಳಾಗುತ್ತವೆ. ಸಾಲುಗಳ ಕೊನೆಯ ಗುರುತುಗಳೂ ಸೇರಿ ಒಟ್ಟು ತೂಕ ಸುಮಾರು 37 ಶೇಕಡಾ ಹೆಚ್ಚುತ್ತದೆ. ತಲುಪಿದ ಮೇಲೆ ಅದು ಮತ್ತೆ ಮೂಲ ಗಾತ್ರಕ್ಕೆ ಮರಳುವುದರಿಂದ ನಮಗೆ ಇದು ಕಾಣುವುದೇ ಇಲ್ಲ. ಆದರೆ ದಾರಿಯಲ್ಲಿರುವ ಸರ್ವರ್ ತೂಗುವುದು ಈ ಉಬ್ಬಿದ ಗಾತ್ರವನ್ನು. ಹಾಗಾಗಿ 25 ಎಂಬಿ ಮಿತಿ ಇದ್ದಲ್ಲಿ 18 ಎಂಬಿ, 20 ಎಂಬಿ ಇದ್ದಲ್ಲಿ 14 ಎಂಬಿ, 10 ಎಂಬಿ ಇದ್ದಲ್ಲಿ 7 ಎಂಬಿ ಫೋಟೊ ಎಂದು ಲೆಕ್ಕ ಇಟ್ಟುಕೊಂಡರೆ ಕೈಕೊಡುವುದಿಲ್ಲ.

ಮಿತಿ ಎಂದಾಗ ನಿಮ್ಮ ಕಡೆಯದನ್ನಷ್ಟೇ ನೋಡಿದರೆ ಸಾಲದು. ಪಡೆಯುವವರ ಕಡೆಯದೂ ಲೆಕ್ಕಕ್ಕೆ ಬರುತ್ತದೆ, ಮತ್ತು ಎರಡರಲ್ಲಿ ಚಿಕ್ಕದೇ ನಡೆಯುತ್ತದೆ. ಸಂಸ್ಥೆಗಳು ತಮ್ಮದೇ ಇಮೇಲ್ ಸರ್ವರ್ ನಡೆಸುವಲ್ಲಿ ಈ ಮಿತಿ ಬಹಳ ಕಡಿಮೆ ಇರಬಹುದು. ಹೆಚ್ಚು ಬಳಕೆಯಲ್ಲಿರುವ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಸರ್ವರ್‌ನಲ್ಲಿ ಯಾರೂ ಬದಲಾಯಿಸದಿದ್ದರೆ 10 ಎಂಬಿ ಇರುತ್ತದೆ. ವಾಪಸು ಬಂದ ಇಮೇಲನ್ನು ಓದದೆ ಅಳಿಸಿಹಾಕಬೇಡಿ, ಕಾರಣ ಅದರೊಳಗೇ ಇರುತ್ತದೆ. ಅದರಲ್ಲಿ `552` ಎಂಬ ಸಂಖ್ಯೆ ಮತ್ತು `5.3.4` ಅಥವಾ `message size exceeds` ಎಂಬಂಥ ಮಾತು ಕಂಡರೆ ಸಂದೇಶ ಮಿತಿಗಿಂತ ದೊಡ್ಡದಾಯಿತು ಎಂದರ್ಥ. `5.2.2` ಎಂದಿದ್ದರೆ ಪಡೆಯುವವರ ಪೆಟ್ಟಿಗೆ ತುಂಬಿದೆ. ಆಗ ನೀವು ಫೋಟೊ ಎಷ್ಟು ಕುಗ್ಗಿಸಿದರೂ ಪ್ರಯೋಜನವಿಲ್ಲ, ಅವರು ಜಾಗ ಖಾಲಿ ಮಾಡಬೇಕು. ಈ ಎರಡನ್ನು ಗೊಂದಲ ಮಾಡಿಕೊಂಡು ಒಳ್ಳೆಯ ಫೋಟೊಗಳನ್ನು ಅನಗತ್ಯವಾಗಿ ಹಿಂಡಿ ಕಳುಹಿಸುವವರನ್ನು ನಾನು ಮತ್ತೆ ಮತ್ತೆ ಕಾಣುತ್ತೇನೆ.

ಜಿಪ್ ಏಕೆ ಕೆಲಸ ಮಾಡಲಿಲ್ಲ ಎಂಬುದಕ್ಕೆ ಉತ್ತರ ಚಿಕ್ಕದು. ಫೋನಿನ ಫೋಟೊ ಜೆಪೆಗ್ ರೂಪದಲ್ಲಿ ಈಗಾಗಲೇ ಬಿಗಿಯಾಗಿ ಅಡಕಗೊಂಡಿರುತ್ತದೆ. ಒಮ್ಮೆ ಹಿಂಡಿದ ಬಟ್ಟೆಯನ್ನು ಮತ್ತೆ ಹಿಂಡಿದಂತೆ, ಜಿಪ್‌ಗೆ ಅದರಿಂದ ತೆಗೆಯಲು ಹೆಚ್ಚೇನೂ ಉಳಿದಿರುವುದಿಲ್ಲ. ಜಿಪ್‌ನಿಂದ ಆಗುವ ಉಪಕಾರ ಬೇರೆ: ಹಲವು ಕಡತಗಳು ಒಂದೇ ಕಟ್ಟಾಗಿ ಹೋಗುತ್ತವೆ, ಒಂದೂ ತಪ್ಪಿಹೋಗುವುದಿಲ್ಲ, ಮತ್ತು ಯಾವ ಇಮೇಲ್ ತಂತ್ರಾಂಶವೂ ಒಳಗಿನ ಫೋಟೊಗಳನ್ನು ತನ್ನಿಷ್ಟಕ್ಕೆ ಕುಗ್ಗಿಸಲಾರದು. ಆ ಉದ್ದೇಶಕ್ಕೆ ಖಂಡಿತ ಬಳಸಿ. ಆದರೆ ಕೆಲವು ಕಚೇರಿಗಳ ಸರ್ವರ್‌ಗಳು ಜಿಪ್ ಕಡತಗಳನ್ನು ಸುರಕ್ಷತೆಯ ಕಾರಣಕ್ಕೆ ತಡೆಯುತ್ತವೆ, ಮೊದಲೇ ವಿಚಾರಿಸಿಕೊಳ್ಳಿ.

ಗಾತ್ರವನ್ನು ನಿಜವಾಗಿ ಇಳಿಸುವ ಹಿಡಿಕೆಗಳು ಎರಡೇ. ಒಂದು ಪಿಕ್ಸೆಲ್ ಅಳತೆ, ಇನ್ನೊಂದು ಜೆಪೆಗ್ ಗುಣಮಟ್ಟದ ಸಂಖ್ಯೆ. ಇವುಗಳನ್ನು ಯಾವ ಕ್ರಮದಲ್ಲಿ ತಿರುಗಿಸುತ್ತೇವೆ ಎಂಬುದರ ಮೇಲೆ ಫಲಿತಾಂಶ ನಿಂತಿದೆ. ಹೆಚ್ಚಿನವರು ‘ಇಮೇಲ್‌ನಲ್ಲಿ ಎಷ್ಟು ಹಿಡಿಯುತ್ತದೆ’ ಎಂಬಲ್ಲಿಂದ ಶುರುಮಾಡಿ, ಅಲ್ಲಿಗೆ ಹೊಂದುವವರೆಗೆ ಫೋಟೊವನ್ನು ಕುಗ್ಗಿಸುತ್ತಾ ಹೋಗುತ್ತಾರೆ. ನನ್ನ ಸಲಹೆ ಇದಕ್ಕೆ ವಿರುದ್ಧ. ಫೋಟೊ ಎಲ್ಲಿ, ಎಷ್ಟು ದೊಡ್ಡದಾಗಿ ಬಳಕೆಯಾಗುತ್ತದೆ ಎಂಬುದರಿಂದ ಪಿಕ್ಸೆಲ್ ಅಳತೆಯನ್ನು ನಿಗದಿ ಮಾಡಿ. ಗುಣಮಟ್ಟವನ್ನು ಒಂದು ಒಳ್ಳೆಯ ಮಟ್ಟದಲ್ಲಿ ನಿಲ್ಲಿಸಿ. ಅನಂತರ ಬರುವ ಒಟ್ಟು ಗಾತ್ರವನ್ನು ಎಷ್ಟು ಇಮೇಲ್‌ಗಳಿಗೆ ಹಂಚಬೇಕೆಂದು ನೋಡಿ. ಕೊನೆಯಲ್ಲಿ ಬದಲಾಗಬೇಕಾದದ್ದು ಇಮೇಲ್‌ಗಳ ಸಂಖ್ಯೆ, ಫೋಟೊ ಅಲ್ಲ.

ನಿಮ್ಮ ಸಂಚಿಕೆಯನ್ನೇ ತೆಗೆದುಕೊಳ್ಳೋಣ. ಪೂರ್ತಿ ಪುಟದ ಫೋಟೊದ ಉದ್ದ 9.5 ಅಂಗುಲ. ಪುಟದ ಅಂಚಿನವರೆಗೂ ಚಿತ್ರ ಬರುವುದಾದರೆ, ಕತ್ತರಿಸುವಾಗ ಬಿಳಿ ಗೆರೆ ಉಳಿಯದಿರಲೆಂದು ವಿನ್ಯಾಸಕರು ಪ್ರತಿ ಬದಿಗೂ ಸಾಮಾನ್ಯವಾಗಿ ಅಂಗುಲದ ಎಂಟನೇ ಒಂದು ಭಾಗ ಹೆಚ್ಚು ಇಟ್ಟುಕೊಳ್ಳುತ್ತಾರೆ. ಆಗ ಉದ್ದ 9.75 ಅಂಗುಲ, ಅಗಲ 7.25 ಅಂಗುಲ ಆಗುತ್ತದೆ. 300ರಿಂದ ಗುಣಿಸಿದರೆ 2925 ಮತ್ತು 2175 ಪಿಕ್ಸೆಲ್. ನಿಮ್ಮ ಫೋನಿನ ಫೋಟೊವನ್ನು ಉದ್ದನೆಯ ಬದಿ 3000 ಆಗುವಂತೆ ಇಳಿಸಿದರೆ ಅದು 3000 x 2250 ಆಗಿ ಎರಡೂ ಕಡೆ ಸಾಕಾಗುತ್ತದೆ. ಇದು ನಿಂತ ಚಿತ್ರಕ್ಕೆ ಮಾತ್ರ ಹೊಂದುವ ಲೆಕ್ಕ. ಅಡ್ಡವಾಗಿ ತೆಗೆದ ಫೋಟೊವನ್ನು ಕತ್ತರಿಸಿ ನಿಂತ ಪುಟಕ್ಕೆ ಕೂರಿಸುವ ಯೋಜನೆ ಇದ್ದರೆ ಅದನ್ನು ಕುಗ್ಗಿಸಲೇಬೇಡಿ, ಮೂಲವನ್ನೇ ಕೊಡಿ. ಚಿಕ್ಕ ಫೋಟೊಗಳು 33. ಅವು 5 ಅಂಗುಲ ಮೀರುವುದಿಲ್ಲವಾದ್ದರಿಂದ 1500 ಪಿಕ್ಸೆಲ್ ಲೆಕ್ಕಕ್ಕೆ ಸಾಕು; ಆದರೆ ವಿನ್ಯಾಸಕರು ಅಂಚನ್ನು ಕತ್ತರಿಸದೆ ಬಿಡುವುದು ಅಪರೂಪ, ಆದ್ದರಿಂದ ಅವರ ಕೈಗೆ ಸ್ವಲ್ಪ ಅವಕಾಶ ಉಳಿಯಲೆಂದು 2000 ಎಂದು ನಿಗದಿ ಮಾಡುತ್ತೇನೆ. ರಕ್ಷಾಪುಟದ ಫೋಟೊವನ್ನು ಮುಟ್ಟದೆ ಹಾಗೆಯೇ ಕಳುಹಿಸಿ. ಅದರ ಮೇಲೆ ಬಣ್ಣ ತಿದ್ದುವ ಕೆಲಸ ಹೆಚ್ಚು ನಡೆಯುತ್ತದೆ.

ಅಳತೆ ಅರ್ಧವಾದರೆ ಪಿಕ್ಸೆಲ್‌ಗಳು ಕಾಲು ಭಾಗವಾಗುತ್ತವೆ ಎಂಬುದನ್ನು ಇಲ್ಲಿ ನೆನಪಿಡಬೇಕು, ಏಕೆಂದರೆ ಉಳಿತಾಯವೆಲ್ಲ ಬರುವುದು ಅಲ್ಲಿಂದ. 4000 x 3000 ಇದ್ದದ್ದು 2000 x 1500 ಆದಾಗ 120 ಲಕ್ಷ ಪಿಕ್ಸೆಲ್‌ಗಳು 30 ಲಕ್ಷಕ್ಕೆ ಇಳಿಯುತ್ತವೆ. ಗುಣಮಟ್ಟ 85ರಲ್ಲಿ ಇಂಥ ಫೋಟೊ ಸಾಧಾರಣವಾಗಿ 0.8 ಎಂಬಿ ಆಸುಪಾಸಿನಲ್ಲಿರುತ್ತದೆ. 3000 ಪಿಕ್ಸೆಲ್‌ನದು 1.7 ಎಂಬಿ ಆಸುಪಾಸು. ಇವು ಅಂದಾಜುಗಳು. ಮರದ ಎಲೆಗಳು, ಜನಜಂಗುಳಿ, ಮಂದ ಬೆಳಕಿನಲ್ಲಿ ತೆಗೆದ ಕಾಳು ಕಾಳಾದ ಚಿತ್ರ ಇವೆಲ್ಲ ಹೆಚ್ಚು ಜಾಗ ತಿನ್ನುತ್ತವೆ. ಬರಿಯ ಗೋಡೆಯ ಮುಂದೆ ನಿಂತ ಒಬ್ಬರ ಫೋಟೊ ಕಡಿಮೆ ತಿನ್ನುತ್ತದೆ. ಒಟ್ಟಾರೆ 33 ಚಿಕ್ಕ ಫೋಟೊಗಳು ಸುಮಾರು 26 ಎಂಬಿ, ಆರು ದೊಡ್ಡವು 10 ಎಂಬಿ, ರಕ್ಷಾಪುಟದ್ದು 4 ಎಂಬಿ. 160 ಎಂಬಿ ಇದ್ದದ್ದು 40 ಎಂಬಿಗೆ ಬಂತು, ಮುದ್ರಣಕ್ಕೆ ಬೇಕಾದ ಒಂದು ವಿವರವೂ ಹೋಗಲಿಲ್ಲ. ಮೊದಲ ಇಮೇಲ್‌ನಲ್ಲಿ 17 ಚಿಕ್ಕವು, ಎರಡನೆಯದರಲ್ಲಿ 16 ಚಿಕ್ಕವು, ಮೂರನೆಯದರಲ್ಲಿ ಆರು ದೊಡ್ಡವು ಮತ್ತು ರಕ್ಷಾಪುಟದ್ದು. ಪ್ರತಿಯೊಂದೂ ಸುಮಾರು 14 ಎಂಬಿಯಷ್ಟೇ ಇರುವುದರಿಂದ ಉಬ್ಬಿದ ಮೇಲೂ 20 ಎಂಬಿ ದಾಟುವುದಿಲ್ಲ. ವಿನ್ಯಾಸಕರ ಸರ್ವರ್ ಮಿತಿ 10 ಎಂಬಿ ಎಂದಾದರೆ ಇದೇ ಫೋಟೊಗಳು ಆರೇಳು ಇಮೇಲ್‌ಗಳಾಗುತ್ತವೆ. ಅದೂ ಆಗದ ಕೆಲಸವೇನಲ್ಲ.

ಗುಣಮಟ್ಟದ ಸಂಖ್ಯೆ 100 ಇಡಬೇಕೇ ಎಂದು ಕೇಳಿದ್ದೀರಿ. ಬೇಡ. ಅದು ಶೇಕಡಾವಾರು ಅಲ್ಲ. 85 ಎಂದರೆ ಚಿತ್ರದ 15 ಭಾಗ ಹೋಯಿತು ಎಂದಲ್ಲ. ಜೆಪೆಗ್ ಚಿತ್ರವನ್ನು 8 x 8 ಪಿಕ್ಸೆಲ್‌ಗಳ ಚೌಕಗಳಾಗಿ ವಿಂಗಡಿಸಿಕೊಂಡು, ಪ್ರತಿ ಚೌಕದಲ್ಲೂ ಕಣ್ಣು ಸುಲಭವಾಗಿ ಗುರುತಿಸದ ಸೂಕ್ಷ್ಮ ಏರಿಳಿತಗಳನ್ನು ಒರಟಾಗಿ ದಾಖಲಿಸುತ್ತದೆ. ಎಷ್ಟು ಒರಟು ಎಂಬುದನ್ನು ಈ ಸಂಖ್ಯೆ ಹೇಳುತ್ತದೆ. 85ರಿಂದ 100ಕ್ಕೆ ಏರಿಸಿದರೆ ಕಡತ ಎರಡು ಮೂರು ಪಟ್ಟು ದಪ್ಪವಾಗಬಹುದು, ಆದರೆ ಮುದ್ರಿತ ಪುಟದಲ್ಲಿ ಆ ವ್ಯತ್ಯಾಸವನ್ನು ಯಾರೂ ಗುರುತಿಸಲಾರರು. ಕೆಳಗೆ ಇಳಿದಂತೆ ಮಾತ್ರ ದೋಷಗಳು ಕಾಣತೊಡಗುತ್ತವೆ: ಆಕಾಶದಂಥ ನಯವಾದ ಜಾಗದಲ್ಲಿ ಚೌಕಗಳು ಮೂಡುತ್ತವೆ, ಫಲಕದ ಅಕ್ಷರಗಳ ಸುತ್ತ ಕೊಳೆಯಂಥ ನೆರಳು ಹಬ್ಬುತ್ತದೆ, ಕೆನ್ನೆಯ ಮೇಲೆ ಬಣ್ಣ ಮೆಟ್ಟಿಲು ಮೆಟ್ಟಿಲಾಗುತ್ತದೆ. ನನ್ನ ಅನುಭವದಲ್ಲಿ 80ರಿಂದ 85 ಒಳ್ಳೆಯ ನೆಲೆ. ಮುದ್ರಣಕ್ಕೆ ಹೋಗುವುದನ್ನು 70ಕ್ಕಿಂತ ಕೆಳಗೆ ನಾನು ಇಳಿಸುವುದಿಲ್ಲ. ಹಳೆಯ ಪತ್ರಿಕಾ ತುಣುಕು, ಪ್ರಮಾಣಪತ್ರ ಮುಂತಾಗಿ ಅಕ್ಷರಗಳೇ ಮುಖ್ಯವಾದ ಚಿತ್ರಗಳಿದ್ದರೆ ಅವಕ್ಕೆ 92 ಇಡಿ. ಒಂದು ಎಚ್ಚರಿಕೆ: ಈ ಅಳತೆಗೋಲು ಎಲ್ಲ ತಂತ್ರಾಂಶಗಳಲ್ಲೂ ಒಂದೇ ಅಲ್ಲ. ಫೋಟೊಶಾಪ್‌ನಲ್ಲಿ ಜೆಪೆಗ್ ಉಳಿಸುವಾಗ 0ಯಿಂದ 12ರವರೆಗಿನ ಅಳತೆ ಬರುತ್ತದೆ. ಅಲ್ಲಿ 10ನ್ನು ಕಂಡು ಗಾಬರಿಯಾಗಬೇಕಿಲ್ಲ, ಅದು ಉತ್ತಮ ಗುಣಮಟ್ಟವೇ.

ಸಂಖ್ಯೆಯನ್ನು ನಂಬುವ ಬದಲು ಕಣ್ಣನ್ನು ನಂಬುವುದು ಮೇಲು. ನಲವತ್ತರಲ್ಲಿ ಅತಿ ಕಷ್ಟದ ಮೂರನ್ನು ಆರಿಸಿಕೊಳ್ಳಿ: ಒಂದು ದೊಡ್ಡ ಗುಂಪು, ಒಂದು ಸಂಜೆಯ ಆಕಾಶ, ಒಂದು ಅಕ್ಷರಗಳಿರುವ ಫಲಕ. ಅವುಗಳನ್ನು ಮಾತ್ರ ಕುಗ್ಗಿಸಿ, 100 ಶೇಕಡಾ ಹಿಗ್ಗಿನಲ್ಲಿ ತೆರೆದು ಹಿಂದಿನ ಸಾಲಿನ ಮುಖ, ಆಕಾಶ, ಅಕ್ಷರದ ಅಂಚು ನೋಡಿ. ಈ ಮೂರು ಗೆದ್ದರೆ ಉಳಿದವುಗಳ ಬಗ್ಗೆ ಚಿಂತೆ ಇಲ್ಲ.

ಎಲ್ಲವನ್ನೂ ಒಮ್ಮೆಗೇ ಕುಗ್ಗಿಸಲು ವಿಂಡೋಸ್‌ನಲ್ಲಿ ಇರ್ಫಾನ್‌ವ್ಯೂ ಎಂಬ ತಂತ್ರಾಂಶದ `Batch Conversion` ಅನುಕೂಲಕರ. ಅದರಲ್ಲಿ ಉದ್ದನೆಯ ಬದಿಯನ್ನು ಮಾತ್ರ ನಿಗದಿ ಮಾಡುವ ಅವಕಾಶವಿದೆ. ಅಗಲ ಮತ್ತು ಎತ್ತರ ಎರಡನ್ನೂ ಒತ್ತಾಯದಿಂದ ತುಂಬಿದರೆ ನಿಂತ ಫೋಟೊಗಳು ಚಪ್ಪಟೆಯಾಗುತ್ತವೆ. ಮ್ಯಾಕ್‌ನಲ್ಲಿ ಪ್ರಿವ್ಯೂನಲ್ಲಿ ಫೋಟೊಗಳನ್ನು ಒಟ್ಟಿಗೆ ತೆರೆದು ಆರಿಸಿಕೊಂಡು `Adjust Size` ಬಳಸಬಹುದು, ಆದರೆ ಅದು ತೆರೆದ ಕಡತವನ್ನೇ ಬದಲಿಸುತ್ತದೆ. ನಕಲು ಮಾಡಿಕೊಂಡ ಮೇಲಷ್ಟೇ ಕೈಹಾಕಿ. ಆಜ್ಞೆ ಟೈಪ್ ಮಾಡಲು ಅಂಜದವರಿಗೆ ಇಮೇಜ್‌ಮ್ಯಾಜಿಕ್ ಎಲ್ಲಕ್ಕಿಂತ ಚೊಕ್ಕ. ಚಿಕ್ಕ ಫೋಟೊಗಳ ಮೂಲಗಳನ್ನು ಒಂದು ಫೋಲ್ಡರ್‌ಗೆ ಹಾಕಿ, ಅದರೊಳಗೆ `mail` ಎಂಬ ಖಾಲಿ ಫೋಲ್ಡರ್ ಮಾಡಿ, ಅಲ್ಲಿಂದ ಇದನ್ನು ನಡೆಸಿ:

```
magick mogrify -path mail -auto-orient -resize "2000x2000>" -quality 85 *.jpg
```

ಕುಗ್ಗಿದ ಪ್ರತಿಗಳು `mail` ಒಳಗೆ ಬೀಳುತ್ತವೆ, ಮೂಲಗಳು ಹಾಗೆಯೇ ಉಳಿಯುತ್ತವೆ. `-path mail` ಬಿಟ್ಟುಹೋದರೆ ಮೂಲಗಳೇ ಅಳಿಸಿ ಅವುಗಳ ಜಾಗಕ್ಕೆ ಚಿಕ್ಕವು ಬಂದುಬಿಡುತ್ತವೆ, ಆದ್ದರಿಂದ ಗುಂಡಿ ಒತ್ತುವ ಮೊದಲು ಅದನ್ನು ಮತ್ತೊಮ್ಮೆ ನೋಡಿಕೊಳ್ಳಿ. ಅಳತೆಯ ಕೊನೆಯಲ್ಲಿರುವ `>` ಗುರುತು, 2000ಕ್ಕಿಂತ ಈಗಾಗಲೇ ಚಿಕ್ಕದಿರುವ ಫೋಟೊವನ್ನು ಹಿಗ್ಗಿಸಬೇಡ ಎಂದು ಹೇಳುತ್ತದೆ. `-auto-orient` ಇಲ್ಲದಿದ್ದರೆ ಕೆಲವು ಫೋಟೊಗಳು ಆ ಕಡೆ ಮಲಗಿಕೊಂಡು ತೆರೆದುಕೊಳ್ಳಬಹುದು, ಏಕೆಂದರೆ ಫೋನು ಚಿತ್ರವನ್ನು ತಿರುಗಿಸುವುದಿಲ್ಲ, ‘ತಿರುಗಿಸಿ ತೋರಿಸು’ ಎಂಬ ಟಿಪ್ಪಣಿಯನ್ನಷ್ಟೇ ಬರೆದಿಟ್ಟಿರುತ್ತದೆ. ಅಂತರ್ಜಾಲದಲ್ಲಿ ಇದೇ ಆಜ್ಞೆಗೆ `-strip` ಸೇರಿಸುವ ಸಲಹೆ ಕಾಣಸಿಗುತ್ತದೆ. ಫೋಟೊ ತೆಗೆದ ಸ್ಥಳದ ಮಾಹಿತಿಯನ್ನು ಅದು ತೆಗೆದುಹಾಕುತ್ತದೆ ಎಂಬುದು ನಿಜ, ಆದರೆ ಜೊತೆಗೆ ಬಣ್ಣದ ವಿವರಣೆಯನ್ನೂ ತೆಗೆದುಬಿಡುತ್ತದೆ. ಆಮೇಲೆ ಕೆಲವು ಫೋನುಗಳ ಫೋಟೊಗಳು ಪೇಲವವಾಗಿ ಕಾಣುತ್ತವೆ. ಮುದ್ರಣಕ್ಕೆ ಕಳುಹಿಸುವಾಗ ಅದನ್ನು ಬಳಸಬೇಡಿ. ಪ್ರತಿಯೊಂದು ಫೋಟೊವನ್ನೂ ಮೂಲದಿಂದ ಒಂದೇ ಬಾರಿ ಕುಗ್ಗಿಸಿ. ಕುಗ್ಗಿಸಿದ್ದನ್ನು ತೆರೆದು, ತಿದ್ದಿ, ಮತ್ತೆ ಜೆಪೆಗ್ ಆಗಿ ಉಳಿಸಿದಾಗಲೆಲ್ಲ ಅದು ಇನ್ನಷ್ಟು ಸವೆಯುತ್ತದೆ. ಸುಮ್ಮನೆ ನಕಲು ಮಾಡುವುದರಿಂದ, ಲಗತ್ತಿಸುವುದರಿಂದ ಸವೆಯುವುದಿಲ್ಲ.

ನಿಮ್ಮ ಸಂಚಿಕೆಗೆ ಬೇರೆಯವರೂ ಫೋಟೊ ಕೊಟ್ಟಿರಬಹುದು. ಅವು ಮೆಸೇಜಿಂಗ್ ಆ್ಯಪ್ ಮೂಲಕ ಬಂದಿದ್ದರೆ ಬಹುಪಾಲು ಆಗಲೇ ಕುಗ್ಗಿರುತ್ತವೆ. ಕಡತದ `Properties` ತೆರೆದು ಪಿಕ್ಸೆಲ್ ಅಳತೆ ನೋಡಿ, 1500ಕ್ಕಿಂತ ಕಡಿಮೆ ಇದ್ದರೆ ತೆಗೆದವರಿಂದ ಮೂಲವನ್ನು ‘ಡಾಕ್ಯುಮೆಂಟ್’ ರೂಪದಲ್ಲಿ ತರಿಸಿಕೊಳ್ಳಿ. ಐಫೋನ್‌ನಿಂದ ಬಂದ ಕೆಲವು `.heic` ಎಂದು ಕೊನೆಗೊಳ್ಳಬಹುದು. ಹೆಸರಿನ ಕೊನೆಯನ್ನು `.jpg` ಎಂದು ತಿದ್ದಿದರೆ ರೂಪ ಬದಲಾಗುವುದಿಲ್ಲ, ಅದನ್ನು ತೆರೆದು ಜೆಪೆಗ್ ಆಗಿ ಉಳಿಸಬೇಕು. ಮೇಲಿನ ಆಜ್ಞೆ `.jpg` ಕಡತಗಳನ್ನಷ್ಟೇ ಹಿಡಿಯುತ್ತದೆ. ಅಂಥವು ಉಳಿದುಹೋಗುವುದು ಇಲ್ಲಿಯೇ, ಆದ್ದರಿಂದ ಕುಗ್ಗಿಸಿದ ಮೇಲೆ ಎಣಿಸಿ ನೋಡಿ.

ಲಗತ್ತಿನ ಬದಲು ಲಿಂಕ್ ಕಳುಹಿಸುವ ದಾರಿಯೂ ಇದೆ, ಮತ್ತು ನಲವತ್ತು ಮೂಲ ಫೋಟೊಗಳನ್ನೂ ಕೊಡಲೇಬೇಕು ಎಂದು ವಿನ್ಯಾಸಕರು ಕೇಳಿದರೆ ಅದೇ ಸರಿಯಾದ ದಾರಿ. ಜಿಮೇಲ್‌ನಲ್ಲಿ 25 ಎಂಬಿ ಮೀರಿದರೆ ಕಡತ ತಾನಾಗಿ ಡ್ರೈವ್‌ಗೆ ಏರಿ ಲಿಂಕ್ ಆಗುತ್ತದೆ. ಐಕ್ಲೌಡ್‌ನ ಮೇಲ್ ಡ್ರಾಪ್ 5 ಜಿಬಿವರೆಗಿನ ಲಗತ್ತನ್ನು ಹೊತ್ತು 30 ದಿನ ಇಟ್ಟುಕೊಳ್ಳುತ್ತದೆ. ಇದರ ತೊಡಕುಗಳು ಬೇರೆ ಬಗೆಯವು. ನೋಡುವ ಅನುಮತಿ ಕೊಡದಿದ್ದರೆ ವಿನ್ಯಾಸಕರಿಗೆ ಬಾಗಿಲು ಮುಚ್ಚಿರುತ್ತದೆ. ಅವರು ತಡವಾಗಿ ತೆರೆದರೆ ಅವಧಿ ಮುಗಿದಿರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ನಡೆಯುವ ತಪ್ಪೆಂದರೆ, ಲಿಂಕ್ ತೆರೆದಾಗ ಪರದೆಯ ಮೇಲೆ ಕಾಣುವ ಚಿಕ್ಕ ಪೂರ್ವನೋಟವನ್ನೇ ಬಲ ಗುಂಡಿ ಒತ್ತಿ ಉಳಿಸಿಕೊಳ್ಳುವುದು. ಹಾಗಾದರೆ ನೀವು ಮೂಲ ಕಳುಹಿಸಿಯೂ ಅವರ ಕೈಗೆ ಬಂದದ್ದು ಮತ್ತೆ ಮಸುಕು ಚಿತ್ರವೇ. ಲಿಂಕ್ ಕೊಡುವಾಗ ‘ಡೌನ್‌ಲೋಡ್ ಗುಂಡಿಯನ್ನೇ ಬಳಸಿ’ ಎಂದು ಒಂದು ಸಾಲು ಬರೆಯಿರಿ. ಫೋಟೊಗಳನ್ನು ವರ್ಡ್ ಕಡತದಲ್ಲಿ ಅಂಟಿಸಿ ಕಳುಹಿಸುವುದನ್ನಂತೂ ನಾನು ಒಪ್ಪುವುದಿಲ್ಲ. ಉಳಿಸುವಾಗ ವರ್ಡ್ ಒಳಗಿನ ಚಿತ್ರಗಳನ್ನು ನಿಮಗೆ ಹೇಳದೆಯೇ ಕುಗ್ಗಿಸಬಲ್ಲದು. ಶೀರ್ಷಿಕೆಗಳನ್ನು ವರ್ಡ್‌ನಲ್ಲಿ ಬರೆದು, ಫೋಟೊಗಳನ್ನು ಬೇರೆಯಾಗಿಯೇ ಲಗತ್ತಿಸಿ.

ನಿಮಗೆ ನಾನು ಸೂಚಿಸುವುದು ಮೂರು ಇಮೇಲ್‌ಗಳ ದಾರಿಯನ್ನೇ. ಕಡತಗಳಿಗೆ `01.jpg`, `02.jpg` ಎಂದು ಸೊನ್ನೆ ಸೇರಿಸಿ ಕ್ರಮವಾಗಿ ಹೆಸರಿಡಿ. ಸೊನ್ನೆ ಇಲ್ಲದಿದ್ದರೆ ಕೆಲವು ಕಡೆ 10ನೆಯದು 2ಕ್ಕಿಂತ ಮೊದಲು ಬಂದು ಶೀರ್ಷಿಕೆಗಳು ಅದಲುಬದಲಾಗುತ್ತವೆ. ವಿಷಯದ ಸಾಲಿನಲ್ಲಿ ‘ಸಂಚಿಕೆ ಫೋಟೊ, 3ರಲ್ಲಿ 1’ ಎಂದೂ ಒಳಗೆ ‘ಈ ಇಮೇಲ್‌ನಲ್ಲಿ 01ರಿಂದ 17, ಉದ್ದನೆಯ ಬದಿ 2000 ಪಿಕ್ಸೆಲ್’ ಎಂದೂ ಬರೆಯಿರಿ. ಮೊದಲನೆಯದನ್ನು ಕಳುಹಿಸಿದ ಮೇಲೆ ನಿಲ್ಲಿಸಿ. 17 ಕಡತಗಳು ಇಳಿದವೇ, 01ರ ಅಳತೆ 2000 x 1500 ಎಂದು ತೋರಿಸುತ್ತಿದೆಯೇ ಎಂದು ವಿನ್ಯಾಸಕರನ್ನು ಕೇಳಿ. ಅವರು ಓದಿ ಹೇಳುವ ಸಂಖ್ಯೆ ನಿಮ್ಮಲ್ಲಿರುವುದಕ್ಕೆ ಹೊಂದಿದರೆ ಉಳಿದ ಎರಡನ್ನೂ ಕಳುಹಿಸಿ. 1024 ಅಥವಾ 640 ಎಂದರೆ, ನಿಮ್ಮ ಇಮೇಲ್ ತಂತ್ರಾಂಶದಲ್ಲಿ ಚಿತ್ರ ಕುಗ್ಗಿಸುವ ಆಯ್ಕೆ ಇನ್ನೂ ಚಾಲೂ ಇದೆ ಎಂದು ತಿಳಿದು ಅದನ್ನು ತೆಗೆದುಹಾಕಿ, ಅಥವಾ ಅದೇ 17 ಫೋಟೊಗಳನ್ನು ಜಿಪ್ ಮಾಡಿ ಮತ್ತೆ ಕಳುಹಿಸಿ.